ಗೋಡೆಗೆ ತೂತು ಹಾಕುವ ಮುನ್ನ ಮನೆ ಬಿಡುವ ಮಾತಾಡಿ

ಕೊಪ್ಪಳದಲ್ಲಿ ನಾನು ಹಿಡಿದ ಮೊದಲ ಬಾಡಿಗೆ ಮನೆಯಲ್ಲಿ ಎಂಟೂವರೆ ಸಾವಿರ ರೂಪಾಯಿಯ ನೀರಿನ ಫಿಲ್ಟರ್ ಕಳೆದುಕೊಂಡೆ. ಯಾರೂ ಕದಿಯಲಿಲ್ಲ. ಅದು ಇವತ್ತಿಗೂ ಆ ಮನೆಯ ಅಡುಗೆಮನೆ ಗೋಡೆಯ ಮೇಲೆಯೇ ಇದ್ದೀತು. ನಾನು ಮಾಡಿದ ತಪ್ಪು ಇಷ್ಟೇ: ಶುಕ್ರವಾರ ಸಾಮಾನು ಸಾಗಿಸಿ ಬೀಗದ ಕೈ ಕೊಟ್ಟೆ, ‘ಫಿಲ್ಟರ್ ಬಿಚ್ಚೋ ಹುಡುಗ ಭಾನುವಾರ ಬರ್ತಾನ್ರಿ, ಆವಾಗ ಒಯ್ತೀನಿ’ ಎಂದೆ. ಭಾನುವಾರ ಹೋದಾಗ ಬೇರೆ ಬಾಡಿಗೆದಾರರು ಬಂದಿದ್ದರು. ‘ಗ್ವಾಡಿಗೆ ಹಚ್ಚಿದ್ದು ಗ್ವಾಡೀದ, ಮನೀದ’ ಎಂದರು ಮಾಲೀಕರು. ಅದು ಸಾಲದೆಂಬಂತೆ, ಫಿಲ್ಟರ್ ಹಚ್ಚುವಾಗ ಒಂದು ಟೈಲ್ಸ್ ಸೀಳಿತ್ತೆಂದು ಅಡ್ವಾನ್ಸ್‌ನಲ್ಲಿ ಒಂದೂವರೆ ಸಾವಿರ ಹಿಡಿದುಕೊಂಡರು. ಹಚ್ಚುವಾಗ ನಾನು ಅವರನ್ನು ಕೇಳಿದ್ದೆ, ‘ಹಚ್ಚಿಕೊಳ್ರಿ’ ಎಂದಿದ್ದರು. ಬಿಡುವಾಗ ಏನು ಮಾಡುವುದು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಹತ್ತು ಸಾವಿರ ರೂಪಾಯಿ ನನಗೆ ಆಗ ಒಂದು ತಿಂಗಳ ಸಂಬಳಕ್ಕೆ ಹತ್ತಿರ. ಆಮೇಲೆ ಕೆಲಸದ ಮೇಲೆ ಕುಷ್ಟಗಿಗೆ ಹೋದೆ. ಅಲ್ಲಿ ಎರಡನೇ ಫಿಲ್ಟರ್ ಕೊಂಡೆ. ಈ ಸಲ ಬಿಡುವ ಮಾತನ್ನು ಮೊದಲು ಆಡಿದೆ. ನನ್ನ ಹಾಗೆ ರೂಮು ಹಿಡಿದು ಓದುವ, ಕೆಲಸ ಹುಡುಕುವ ಗೆಳೆಯರಿಗೆ ಹೇಳಬೇಕಾದದ್ದು ಇದೊಂದೇ: ‘ಹಚ್ಚಲೇನ್ರಿ?’ ಎಂಬ ಪ್ರಶ್ನೆ ಅರ್ಧ ಪ್ರಶ್ನೆ. ‘ಹೋಗುವಾಗ ಇದು ಯಾರದ್ದು, ತೂತು ಯಾರು ಮುಚ್ಚಬೇಕು, ಬಿಟ್ಟು ಹೋದರೆ ಎಷ್ಟು ಕೊಡುತ್ತೀರಿ?’ ಎಂಬುದು ಉಳಿದರ್ಧ. ಎರಡನ್ನೂ ಒಂದೇ ದಿನ, ಡ್ರಿಲ್ ಮಷಿನ್ ಮನೆಗೆ ಬರುವ ಮೊದಲು ಕೇಳಬೇಕು.

ಮೊದಲು, ಫಿಲ್ಟರ್ ನಿಜಕ್ಕೂ ಬೇಕೇ ಎಂದು ನೋಡಿಕೊಳ್ಳೋಣ. ನಾನು ಯಲಬುರ್ಗಾ ತಾಲ್ಲೂಕಿನ ಹಳ್ಳಿಯವಳು. ಯಲಬುರ್ಗಾ, ಕುಷ್ಟಗಿ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹೊಸ ಸುದ್ದಿಯಲ್ಲ. ನನ್ನ ಓರಗೆಯವರು ಹಲವರ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ನಕ್ಕಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ ನನಗೂ ಇದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರ್‌ನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಆಮೇಲೆ ಮೂಳೆ ಕೆಡುತ್ತದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ನಮ್ಮಲ್ಲಿ ಸಾಮಾನ್ಯ. ಒಂದು, ಕಾಯಿಸಿದರೆ ನೀರು ಸರಿಹೋಗುತ್ತದೆ ಎಂಬುದು. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಕ್ಯಾಂಡಲ್ ಫಿಲ್ಟರ್, ಬರೀ ಯುವಿ ದೀಪದ ಫಿಲ್ಟರ್‌ಗೂ ಇದೇ ಮಾತು. ಫ್ಲೋರೈಡ್ ತೆಗೆಯಲು ಮನೆಯಲ್ಲಿ ಸಾಮಾನ್ಯವಾಗಿ ಸಿಗುವ ದಾರಿ ಆರ್‌ಒ. ಇನ್ನೊಂದು ತಪ್ಪು, ಅಂಗಡಿಯ ಹುಡುಗ ಪೆನ್ನಿನಂತಹ ಟಿಡಿಎಸ್ ಮೀಟರ್ ಅದ್ದಿ ತೋರಿಸುವ ಅಂಕಿಯನ್ನು ನಂಬುವುದು. ಅದು ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಮೊತ್ತವನ್ನು ಅಂದಾಜು ಮಾಡುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು ಎಂದು ಹೇಳುವುದಿಲ್ಲ. ಟಿಡಿಎಸ್ ಕಡಿಮೆ ಇದ್ದ ನೀರಿನಲ್ಲೂ ಫ್ಲೋರೈಡ್ ಮಿತಿ ಮೀರಿರಬಹುದು.

ಆದ್ದರಿಂದ ಕುಷ್ಟಗಿಯ ಮನೆಗೆ ಬಂದ ಮೊದಲ ವಾರ ನಾನು ನಲ್ಲಿಯನ್ನು ಎರಡು ನಿಮಿಷ ಬಿಟ್ಟು, ಶುಭ್ರವಾಗಿ ತೊಳೆದ ಒಂದು ಲೀಟರ್ ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕೊಟ್ಟೆ. ಫ್ಲೋರೈಡ್ 2.4 ಎಂದು ಬಂತು. ಆ ಮನೆಯ ಟ್ಯಾಂಕಿಗೆ ಬೋರ್ ನೀರು ಬರುತ್ತಿತ್ತು. ಆ ಚೀಟಿಯೇ ಮುಂದೆ ಮಾಲೀಕರ ಜೊತೆಗಿನ ಮಾತಿಗೆ ದಾರಿ ಮಾಡಿಕೊಟ್ಟಿತು.

ಇನ್ನೊಂದನ್ನು ಪ್ರಾಮಾಣಿಕವಾಗಿ ಹೇಳಬೇಕು. ನಿಮ್ಮ ಓಣಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದ್ದು, ಅದು ಸರಿಯಾಗಿ ನಡೆಯುತ್ತಿದ್ದರೆ ಫಿಲ್ಟರ್ ಕೊಳ್ಳುವುದೇ ಬೇಡ. ನಮ್ಮ ಓಣಿಯ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತಿತ್ತು. ಮೂವರಿಗೆ ಕುಡಿಯಲು, ಅಡುಗೆಗೆ ದಿನಕ್ಕೊಂದು ಕ್ಯಾನ್ ಸಾಕು. ತಿಂಗಳಿಗೆ ನೂರೈವತ್ತು ರೂಪಾಯಿ. ಯಾವ ಆರ್‌ಒ ಯಂತ್ರವೂ ಇಷ್ಟು ಅಗ್ಗವಲ್ಲ. ಆದರೆ ನಮ್ಮ ಘಟಕ ಕೆಟ್ಟರೆ ವಾರಗಟ್ಟಲೆ ರಿಪೇರಿಯಾಗುತ್ತಿರಲಿಲ್ಲ. ಇನ್ನೊಂದು ಘಟಕ ದೂರ, ಮೂವರಲ್ಲಿ ಯಾರ ಬಳಿಯೂ ಗಾಡಿ ಇರಲಿಲ್ಲ. ಕ್ಯಾನ್ ಖಾಲಿಯಾದ ದಿನ ಅನ್ನಕ್ಕೆ ನಲ್ಲಿ ನೀರನ್ನೇ ಇಡುತ್ತಿದ್ದೆವು. ಅಡುಗೆಯ ನೀರಿನ ಫ್ಲೋರೈಡೂ ಹೊಟ್ಟೆಗೇ ಹೋಗುತ್ತದೆ. ಹೀಗಾಗಿ ಫಿಲ್ಟರ್ ಬೇಕೆಂದು ತೀರ್ಮಾನಿಸಿದೆವು.

ನಮ್ಮ ಮಾಲೀಕರು ನಿವೃತ್ತ ಪ್ರಾಥಮಿಕ ಶಾಲೆ ಮಾಸ್ತರು. ಅವರೂ ಅಮ್ಮಾರೂ ಕೆಳಗಿದ್ದರು, ನಾವು ಮೂವರು ಹುಡುಗಿಯರು ಮೇಲೆ. ಬಾಡಿಗೆ ನಾಲ್ಕೂವರೆ ಸಾವಿರ, ಅಡ್ವಾನ್ಸ್ ಇಪ್ಪತ್ತು ಸಾವಿರ. ನೀರಿನ ಚೀಟಿ ಹಿಡಿದು ಕೆಳಗಿಳಿದೆ. ವಿಷಯ ಕೇಳುತ್ತಲೇ ಮಾಸ್ತರು ಅಂದರು:

‘ನೋಡ ತಂಗಿ, ಹಿಂದಿನ ಹುಡುಗ್ರು ಟಿವಿ ಹಚ್ಚಾಕ ಗ್ವಾಡಿ ತುಂಬ ತೂತ ಹೊಡದ ಹೋದ್ರು. ಈಗ ಟೈಲ್ಸ್ ಸೀಳಿದ್ರ ಅದ ಬಣ್ಣದ್ದು ಎಲ್ಲಿ ಸಿಗತೈತಿ?’

ಅಮ್ಮಾರ ಚಿಂತೆ ಬೇರೆ. ‘ಆ ಮಷಿನ್ ಕುಡಿಯೂ ನೀರಿಗಿಂತ ಚೆಲ್ಲೂ ನೀರ ಹೆಚ್ಚಂತ ಹೌದೇನ? ಬೋರಿನ ಮೋಟರ್ ನಮ್ಮ ಕರೆಂಟಿನ್ಯಾಗ ಓಡತೈತೆವ್ವಾ.’

ಎರಡೂ ನ್ಯಾಯವಾದ ಮಾತು. ಬಾಡಿಗೆದಾರರಾದ ನಾವು ಮಾಲೀಕರ ‘ಬ್ಯಾಡ’ವನ್ನು ಹಟ ಎಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಅದರ ಹಿಂದೆ ಇರುವುದು ಮೂರೇ ಭಯ: ಟೈಲ್ಸ್ ಸೀಳುವುದು, ನೀರು ಸೋರಿ ಗೋಡೆ ತೇವವಾಗುವುದು, ಬಿಲ್ ಹೆಚ್ಚುವುದು. ಒಂದೊಂದಕ್ಕೂ ಉತ್ತರ ಒಯ್ದರೆ ಮಾತು ಮುಂದುವರಿಯುತ್ತದೆ.

ಟೈಲ್ಸ್‌ಗೆ ಉತ್ತರ ಸುಲಭವಿತ್ತು. ಯಂತ್ರವನ್ನು ಗೋಡೆಗೇ ನೇತುಹಾಕಬೇಕೆಂದಿಲ್ಲ, ಅಡುಗೆಕಟ್ಟೆಯ ಮೇಲೆ ಕೂರಿಸುವ ಮಾದರಿಗಳೂ ಇವೆ. ನಾವು ಅಂಥದ್ದನ್ನೇ ಆರಿಸಿದೆವು. ಒಂದು ತೂತೂ ಬೇಕಾಗಲಿಲ್ಲ. ಗೋಡೆಗೇ ಹಚ್ಚಬೇಕಾಗಿ ಬಂದರೆ ಟೈಲ್ಸ್‌ನ ನಡುವೆ ಕೊರೆಯದೆ ಎರಡು ಟೈಲ್ಸ್ ನಡುವಿನ ಸಂದಿನಲ್ಲಿ ಕೊರೆಯಲು ಹೇಳಿ. ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ನಿಧಾನಕ್ಕೆ ಕೊರೆದರೆ ಸೀಳುವುದು ಕಡಿಮೆ. ಕೊಪ್ಪಳದ ನನ್ನ ಟೈಲ್ಸ್ ಸೀಳಿದ್ದು ಆ ಹುಡುಗ ಹ್ಯಾಮರ್ ಹಾಕಿಯೇ ಟೈಲ್ಸ್ ಅಂಚಿನಲ್ಲಿ ಕೊರೆದಿದ್ದರಿಂದ.

ಸೋರುವುದು ಎಲ್ಲಿ ಎಂದರೆ, ನಲ್ಲಿಯ ಪೈಪಿಗೆ ಯಂತ್ರದ ಸಣ್ಣ ಬಿಳಿ ಪೈಪು ಕೂಡುವ ಜಾಗದಲ್ಲಿ. ಅಲ್ಲಿ ಕವಲು ಒಡೆಯುವ ಒಂದು ಸಣ್ಣ ವಾಲ್ವ್ ಹಾಕುತ್ತಾರೆ. ಟೆಫ್ಲಾನ್ ಟೇಪು ಸರಿಯಾಗಿ ಸುತ್ತದಿದ್ದರೆ ಹನಿ ಹನಿಯಾಗಿ ಸೋರುತ್ತದೆ. ಆ ನೀರು ಸಿಂಕಿನ ಕೆಳಗೆ ಬೀಳುವುದರಿಂದ ಯಾರಿಗೂ ಕಾಣುವುದಿಲ್ಲ. ಹಚ್ಚಿದ ರಾತ್ರಿ ಆ ಜಾಗದ ಕೆಳಗೆ ಹಳೆಯ ಪೇಪರ್ ಹಾಸಿಡಿ. ಬೆಳಿಗ್ಗೆ ಒದ್ದೆಯಾಗಿದ್ದರೆ ಹಚ್ಚಿದವನನ್ನು ಅಂದೇ ಕರೆಸಿ. ಹೊರಗೆ ಹೋಗುವಾಗ ಆ ವಾಲ್ವ್ ಬಂದ್ ಮಾಡುವುದು ನಮ್ಮ ರೂಮಿನ ನಿಯಮವಾಯಿತು.

ಚೆಲ್ಲುವ ನೀರಿನ ವಿಷಯದಲ್ಲಿ ಅಮ್ಮಾರು ಹೇಳಿದ್ದೇ ನಿಜ. ಮನೆಬಳಕೆಯ ಆರ್‌ಒ ಯಂತ್ರಗಳು ಒಂದು ಲೀಟರ್ ಒಳ್ಳೆ ನೀರಿಗೆ ಹೆಚ್ಚುಕಡಿಮೆ ಮೂರು ಲೀಟರ್ ಹೊರಬಿಡುತ್ತವೆ. ಕುಡಿಯಲು, ಅಡುಗೆಗೆ ಸೇರಿ ನಮಗೆ ದಿನಕ್ಕೆ ಹದಿನೈದು ಲೀಟರ್ ಬೇಕೆಂದರೆ ನಲವತ್ತೈದು ಲೀಟರ್ ಚೆಲ್ಲುತ್ತದೆ. ನಾವು ಆ ಪೈಪನ್ನು ಸಿಂಕಿಗೆ ಬಿಡದೆ ಎರಡು ಬಕೆಟ್‌ಗೆ ಬಿಟ್ಟೆವು. ಅದೇ ನೀರಲ್ಲಿ ನೆಲ ಒರೆಸುವುದು, ಶೌಚಾಲಯ ತೊಳೆಯುವುದು. ಹೀಗಾಗಿ ಟ್ಯಾಂಕಿನಿಂದ ಹೆಚ್ಚು ನೀರು ಎಳೆಯುವುದು ತಪ್ಪಿತು. ಒಂದು ದಿನ ಅಮ್ಮಾರು ‘ಆ ಬಕೆಟ್ ನೀರ ನಮ್ಮ ಎಮ್ಮಿಗರ ಇಡ್ರೆವ್ವಾ’ ಎಂದರು. ಬೇಡವೆಂದೆ. ಯಂತ್ರ ತೆಗೆದ ಫ್ಲೋರೈಡ್, ಉಪ್ಪು ಎಲ್ಲ ಆ ನೀರಿನಲ್ಲೇ ಇರುತ್ತದೆ. ಅದನ್ನು ಮನುಷ್ಯರೂ ಕುಡಿಯಬಾರದು, ದನಕ್ಕೂ ಇಡಬಾರದು.

ಈಗ ಬಿಡುವ ಮಾತು. ನಮ್ಮಲ್ಲಿ ಬಹಳ ಜನ ‘ಮನೆಗೆ ಹಚ್ಚಿದ್ದು ಮನೆಗೇ’ ಎನ್ನುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಬಾಡಿಗೆದಾರರ ಹಕ್ಕು, ಹೊಣೆಗಳನ್ನು ಪಟ್ಟಿ ಮಾಡಲಾಗಿದೆ. ಬಾಡಿಗೆದಾರ ತಾನು ಸ್ವತ್ತಿಗೆ ಜೋಡಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು. ಆದರೆ ಎರಡು ಷರತ್ತು. ಸ್ವತ್ತು ತನ್ನ ಸ್ವಾಧೀನದಲ್ಲಿ ಇರುವಾಗಲೇ ಬಿಚ್ಚಬೇಕು, ಆಮೇಲೆ ಅಲ್ಲ. ಮತ್ತು ಸ್ವತ್ತನ್ನು ತಾನು ಪಡೆದಾಗ ಇದ್ದ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು. ಇದನ್ನು ಓದಿದಾಗ ನನಗೆ ಕೊಪ್ಪಳದ ಆ ಶುಕ್ರವಾರ ನೆನಪಾಯಿತು. ಬೀಗದ ಕೈ ಕೊಟ್ಟ ಗಳಿಗೆಯೇ ನನ್ನ ಸ್ವಾಧೀನ ಮುಗಿದಿತ್ತು. ಭಾನುವಾರ ಎರಡು ದಿನ ತಡ. ಸೀಳಿದ ಟೈಲ್ಸ್ ವಿಷಯದಲ್ಲೂ ಮಾಲೀಕರ ಮಾತಿಗೆ ಆಧಾರವಿತ್ತು.

ಆ ಕಲಮು ಶುರುವಾಗುವುದೇ ‘ಬೇರೆ ಒಪ್ಪಂದವೋ ಸ್ಥಳೀಯ ರೂಢಿಯೋ ಇಲ್ಲದಿದ್ದಾಗ’ ಎಂಬ ಅರ್ಥದ ಮಾತಿನಿಂದ. ಅಂದರೆ ಸಹಿ ಮಾಡಿದ ಕರಾರಿನಲ್ಲಿ ಬೇರೆ ಇದ್ದರೆ ಕರಾರಿನದೇ ಮೇಲುಗೈ. ಹನ್ನೊಂದು ತಿಂಗಳ ಬಾಡಿಗೆ ಕರಾರನ್ನು ಟೈಪಿಂಗ್ ಅಂಗಡಿಯಲ್ಲಿ ಸಿದ್ಧ ನಮೂನೆಯಿಂದ ತೆಗೆಸುತ್ತೇವೆ, ಹೆಸರು ಮೊತ್ತ ನೋಡಿ ಸಹಿ ಹಾಕುತ್ತೇವೆ. ಬಾಡಿಗೆದಾರರು ಮಾಡಿಸಿದ ಜೋಡಣೆಗಳೆಲ್ಲ ಮಾಲೀಕರಿಗೆ ಸೇರತಕ್ಕದ್ದು ಎಂಬಂಥ ಸಾಲು ಅದರಲ್ಲಿದ್ದರೆ, ಆಮೇಲೆ ಕಾಯ್ದೆ ಹಿಡಿದು ವಾದಿಸಿ ಉಪಯೋಗವಿಲ್ಲ. ಸಹಿಗೆ ಮೊದಲು ಆ ಸಾಲು ಹುಡುಕಿ, ಹೊಡೆದುಹಾಕಿಸಿ ಇಬ್ಬರೂ ಪಕ್ಕದಲ್ಲಿ ಸಹಿ ಮಾಡಿ.

ನಾವು ಮಾಸ್ತರ ಜೊತೆ ಒಂದು ಹಾಳೆಯಲ್ಲಿ ಬರೆದುಕೊಂಡದ್ದು ಇಷ್ಟು:

‘ಬಾಡಿಗೆದಾರರು ಅಡುಗೆಮನೆಯ ಕಟ್ಟೆಯ ಮೇಲೆ ಸ್ವಂತ ಖರ್ಚಿನಿಂದ ನೀರಿನ ಫಿಲ್ಟರ್ ಇಟ್ಟುಕೊಳ್ಳಲು ಮಾಲೀಕರು ಒಪ್ಪಿದ್ದಾರೆ. ಗೋಡೆಗೆ ತೂತು ಹಾಕುವುದಿಲ್ಲ. ಫಿಲ್ಟರ್ ಬಾಡಿಗೆದಾರರ ಸ್ವತ್ತು. ಬೆಲೆ 9,000 ರೂಪಾಯಿ, ಬಿಲ್ಲಿನ ಪ್ರತಿ ಇಬ್ಬರ ಬಳಿಯೂ ಇದೆ. ಸೋರಿಕೆಯಿಂದ ಮನೆಗೆ ಹಾನಿಯಾದರೆ ಬಾಡಿಗೆದಾರರು ರಿಪೇರಿ ಮಾಡಿಸಬೇಕು. ಮನೆ ಬಿಡುವಾಗ ಫಿಲ್ಟರ್ ಕೊಳ್ಳುವ ಮೊದಲ ಅವಕಾಶ ಮಾಲೀಕರಿಗೆ. ಬಳಸಿದ ಪ್ರತಿ ತಿಂಗಳಿಗೆ 250 ರೂಪಾಯಿ ಕಳೆದು, ಆ ಹೊತ್ತಿಗೆ ಬದಲಿಸಬೇಕಾದ ಭಾಗಗಳ ಖರ್ಚನ್ನೂ ಕಳೆದು ಉಳಿದದ್ದು ಅದರ ಬೆಲೆ. ಬೇಕೋ ಬೇಡವೋ ಎಂದು ಮಾಲೀಕರು ಮನೆ ಬಿಡುವ ಒಂದು ವಾರ ಮೊದಲು ತಿಳಿಸಬೇಕು. ಬೇಡವೆಂದರೆ ಬಾಡಿಗೆದಾರರು ಬೀಗದ ಕೈ ಕೊಡುವ ಮುನ್ನ ಬಿಚ್ಚಿಕೊಂಡು, ನಲ್ಲಿಯನ್ನು ಮೊದಲಿನಂತೆ ಮಾಡಿಕೊಡಬೇಕು.’

ತಿಂಗಳಿಗೆ 250 ಎಂಬುದು ಆಕಾಶದಿಂದ ಬಿದ್ದ ಅಂಕಿಯಲ್ಲ. ಯಂತ್ರ ಮೂರು ವರ್ಷ ಚೆನ್ನಾಗಿ ಬಾಳುತ್ತದೆ ಎಂದು ಲೆಕ್ಕ ಹಿಡಿದೆವು. 9,000ವನ್ನು 36 ತಿಂಗಳಿಗೆ ಹಂಚಿದರೆ 250. ನಾನು ಮೊದಲು ಐದು ವರ್ಷ ಹಿಡಿಯೋಣ ಎಂದೆ. ಮಾಸ್ತರು ನಕ್ಕು, ‘ಐದ ವರ್ಷದ ಫಿಲ್ಟರ್ ನೀ ಸಂತ್ಯಾಗ ಮಾರಿ ತೋರ್ಸು’ ಎಂದರು. ಸರಿಯೆನಿಸಿತು. ಬಳಸಿದ ಫಿಲ್ಟರ್‌ಗೆ ಹೊರಗೆ ಬೆಲೆ ಬಹಳ ಕಡಿಮೆ, ಏಕೆಂದರೆ ಅದರ ಒಳಗಿನ ಮೆಂಬ್ರೇನ್ ಎಷ್ಟು ಸವೆದಿದೆ ಎಂದು ಕೊಳ್ಳುವವನಿಗೆ ಕಾಣುವುದಿಲ್ಲ. ನಮ್ಮ ಕಡೆಯ ಗಡುಸು ನೀರಿಗೆ ಮೆಂಬ್ರೇನ್ ವರ್ಷ, ಎರಡು ವರ್ಷಕ್ಕೆ ಬದಲಿಸಬೇಕಾಗುತ್ತದೆ. ಅದಕ್ಕೇ ಭಾಗಗಳ ಖರ್ಚಿನ ಸಾಲು ಸೇರಿಸಿದ್ದು.

ಯಂತ್ರ ಹಚ್ಚಿದ ದಿನ ಇನ್ನೊಂದು ಪಾಠವಾಯಿತು. ಹುಡುಗ ನೀರಿನ ರುಚಿ ನೋಡಿ, ‘ಸಪ್ಪಗೈತಿ, ಸ್ವಲ್ಪ ಟಿಡಿಎಸ್ ಏರಸ್ತೀನ್ರಿ’ ಎಂದು ಒಂದು ತಿರುಪು ತಿರುಗಿಸಿದ. ಆ ತಿರುಪು ಮೆಂಬ್ರೇನಿನ ಮೂಲಕ ಹೋಗದ ನೀರನ್ನು ಒಳ್ಳೆ ನೀರಿಗೆ ಬೆರೆಸುತ್ತದೆ. ರುಚಿಯ ಜೊತೆ ಫ್ಲೋರೈಡೂ ವಾಪಸು ಬರುತ್ತದೆ. ಅದನ್ನು ಪೂರ್ತಿ ಬಂದ್ ಮಾಡಿಸಿ, ಮತ್ತೆ ಒಂದು ಬಾಟಲಿ ಪರೀಕ್ಷೆಗೆ ಕೊಟ್ಟೆ. ಆಗ 0.3 ಬಂತು. ಫ್ಲೋರೈಡ್ ನೀರಿಗೆಂದೇ ಯಂತ್ರ ಕೊಂಡವರು ಈ ತಿರುಪು ನೋಡದೆ ಬಿಡಬಾರದು.

ರೂಮಿನಲ್ಲಿ ಒಬ್ಬರಿಗಿಂತ ಹೆಚ್ಚು ಜನರಿದ್ದರೆ ಮಾಲೀಕರ ಜೊತೆ ಮಾತಾಡುವ ಮೊದಲು ನಮ್ಮೊಳಗೇ ಮಾತಾಗಬೇಕು. ಮೂವರೂ ಮೂರು ಸಾವಿರ ಹಾಕಿ ಕೊಳ್ಳೋಣ ಎಂಬುದು ಮೊದಲ ಯೋಚನೆ. ಆದರೆ ಒಬ್ಬಳಿಗೆ ಪರೀಕ್ಷೆಯ ಫಲಿತಾಂಶ ಬಂದು ನಾಲ್ಕು ತಿಂಗಳಲ್ಲಿ ಹೋಗಬೇಕಾದರೆ? ಯಂತ್ರವನ್ನು ಮೂರು ತುಂಡು ಮಾಡಲಾಗದು. ಅದಕ್ಕೆ ನಾನೊಬ್ಬಳೇ ಕೊಂಡೆ, ಇನ್ನಿಬ್ಬರು ತಿಂಗಳಿಗೆ ನೂರು ನೂರು ಕೊಟ್ಟರು. ಯಾರು ಯಾವಾಗ ಹೋದರೂ ಲೆಕ್ಕ ಆ ತಿಂಗಳಿಗೇ ಚುಕ್ತಾ.

ಏಸಿಗೂ ಇದೇ ಮಾತು ಅನ್ವಯಿಸುತ್ತದೆಯೇ? ಅನ್ವಯಿಸುತ್ತದೆ, ಆದರೆ ಅದು ಇನ್ನೂ ಬಿಗಿ ಗಂಟು. ಗಂಗಾವತಿಯಲ್ಲಿ ಅಕ್ಕಿ ಗಿರಣಿಯೊಂದರ ಲೆಕ್ಕ ಬರೆಯುವ ನನ್ನ ಗೆಳತಿ ಕಳೆದ ಬೇಸಿಗೆ ಸ್ಪ್ಲಿಟ್ ಏಸಿ ಹಚ್ಚಬೇಕೆಂದಳು. ಲೆಕ್ಕ ಹಾಕುತ್ತ ಕೂತೆವು. ಅದಕ್ಕೆ ಗೋಡೆಯ ಆಚೆಯವರೆಗೆ ಎರಡೂವರೆ ಅಂಗುಲದಷ್ಟು ಅಗಲದ ತೂತು ಬೇಕು, ಹೊರಗೆ ಭಾರ ಹೊರುವ ಕಬ್ಬಿಣದ ಬ್ರಾಕೆಟ್ ಬೇಕು, ಬೋರ್ಡಿನಿಂದ ಬೇರೆ ವೈರು ಎಳೆಯಬೇಕು. ಬಿಡುವಾಗ ಗ್ಯಾಸನ್ನು ಹೊರಗಿನ ಯಂತ್ರಕ್ಕೆ ತುಂಬಿಕೊಂಡು ಬಿಚ್ಚಲು ಬಲ್ಲವನೇ ಬೇಕು. ಯಾರೋ ಒಬ್ಬ ಪೈಪು ಕತ್ತರಿಸಿದರೆ ಗ್ಯಾಸ್ ಹಾರಿಹೋಗುತ್ತದೆ, ಹೊಸ ಮನೆಯಲ್ಲಿ ಮತ್ತೆ ತುಂಬಿಸುವ ಖರ್ಚು. ತಾಮ್ರದ ಪೈಪನ್ನು ಗೋಡೆಯೊಳಗೆ ಹುಗಿದಿದ್ದರೆ ಅದು ಅಲ್ಲೇ ಉಳಿಯುತ್ತದೆ.

ಇದೆಲ್ಲಕ್ಕಿಂತ ದೊಡ್ಡದು ಕರೆಂಟು. ಗೃಹಜ್ಯೋತಿಯಲ್ಲಿ ಹಳೆಯ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು ಯೂನಿಟ್ ಉಚಿತ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಒಂದೂವರೆ ಟನ್ನಿನ ಏಸಿ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ರಾತ್ರಿ ಎಂಟು ಗಂಟೆಯಂತೆ ತಿಂಗಳಿಗೆ 240. ಏಸಿಯೊಂದೇ ಮಿತಿ ದಾಟಿಸುತ್ತದೆ. ಗೆಳತಿಯ ಮನೆಯಲ್ಲಿ ಮಾಲೀಕರಿಗೂ ಅವಳಿಗೂ ಒಂದೇ ಮೀಟರ್. ಅವಳು ತಂಪಾಗಿ ಮಲಗಿದರೆ ಕೆಳಗಿನವರ ಉಚಿತ ಕರೆಂಟೂ ಹೋಗುತ್ತದೆ. ಮಾಲೀಕರು ‘ಬ್ಯಾಡ’ ಎಂದಾಗ ಅವಳಿಗೆ ಸಿಟ್ಟು ಬಂದಿತ್ತು, ಈ ಲೆಕ್ಕ ಬರೆದ ಮೇಲೆ ಇಳಿಯಿತು. ಕೊನೆಗೆ ಕಿಟಕಿಯ ಬಳಿ ಇಡುವ ಕೂಲರ್ ಕೊಂಡಳು. ನಮ್ಮ ಜಿಲ್ಲೆಯ ಒಣ ಬಿಸಿಲಿಗೆ ನೀರಿನ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೋಗುವಾಗ ಎತ್ತಿಕೊಂಡು ಹೋದರಾಯಿತು. ಬೇರೆ ಮೀಟರ್ ಇದ್ದು ಏಸಿಯೇ ಬೇಕೆಂದರೆ ಕಾಗದದಲ್ಲಿ ಮೂರು ಸಾಲು ಹೆಚ್ಚಿಗೆ ಇರಲಿ: ಹೆಚ್ಚುವರಿ ಲೋಡಿಗೆ ಜೆಸ್ಕಾಂಗೆ ಅರ್ಜಿ, ಖರ್ಚು ಯಾರದ್ದು, ಹೊಸ ವೈರು ಯಾರದ್ದು, ತೂತು ಮುಚ್ಚಿ ಬಣ್ಣ ಹಚ್ಚುವವರು ಯಾರು.

‘ಇಷ್ಟು ಸಣ್ಣದಕ್ಕೆ ಕಾಗದ ಯಾಕೆ, ಮಾತಿನ ಮೇಲೆ ನಂಬಿಕೆ ಇಲ್ಲವೇ?’ ಎಂದು ನನ್ನ ಅಪ್ಪನೇ ಕೇಳಿದರು. ಕೊಪ್ಪಳದ ಮಾಲೀಕರೂ ಕೆಟ್ಟವರಲ್ಲ. ದೀಪಾವಳಿಗೆ ಕರೆದು ಹೋಳಿಗೆ ಊಟ ಹಾಕಿದವರು. ನಮ್ಮಿಬ್ಬರ ತಲೆಯಲ್ಲಿ ಎರಡು ಬೇರೆ ಬೇರೆ ಒಪ್ಪಂದಗಳಿದ್ದವು, ಯಾವುದನ್ನೂ ಬಾಯಿಬಿಟ್ಟು ಆಡಿರಲಿಲ್ಲ ಅಷ್ಟೇ. ಬಿಡುವ ದಿನ ಇಬ್ಬರಿಗೂ ಅವಸರ, ಅಡ್ವಾನ್ಸ್ ಹಣ ಅವರ ಕೈಯಲ್ಲಿ. ಆ ಹೊತ್ತಿನಲ್ಲಿ ಆಡಿದ ಮಾತು ಜಗಳವೇ ಆಗುತ್ತದೆ. ಬಂದ ಹೊಸದರಲ್ಲಿ ಇಬ್ಬರೂ ಸಮಾಧಾನವಾಗಿದ್ದಾಗ ಆಡಿದರೆ ಅದು ಬರೀ ಲೆಕ್ಕ.

ಹದಿನಾಲ್ಕು ತಿಂಗಳಾದ ಮೇಲೆ ನನಗೆ ಕೊಪ್ಪಳದಲ್ಲಿ ಬೇರೆ ಕೆಲಸ ಸಿಕ್ಕಿತು. ನನ್ನ ಜೊತೆಯವರೂ ಪರೀಕ್ಷೆ ಮುಗಿಸಿ ಊರಿಗೆ ಹೊರಟಿದ್ದರು. ಈ ಸಲ ಹಾಸ್ಟೆಲ್, ಅಲ್ಲಿ ಫಿಲ್ಟರ್ ಇತ್ತು. ಮಾಸ್ತರಿಗೆ ಹೇಳಿದೆ. ಹಾಳೆ ತೆಗೆದರು, ಕನ್ನಡಕ ಏರಿಸಿದರು. 14 ತಿಂಗಳಿಗೆ 3,500 ಕಳೆದು 5,500 ಉಳಿಯಿತು. ಸರ್ವಿಸ್ ಹುಡುಗ ನೋಡಿ ಮೆಂಬ್ರೇನ್, ಒಳಗಿನ ಫಿಲ್ಟರ್‌ಗಳು ಬದಲಿಸುವ ಹೊತ್ತಾಗಿದೆ, 2,200 ಆಗುತ್ತದೆ ಎಂದ. ಅದನ್ನೂ ಕಳೆದು 3,300. ಗೆಳತಿಯರು ತಿಂಗಳು ತಿಂಗಳು ಕೊಟ್ಟದ್ದು 2,800. ನನ್ನ ಕೈಯಿಂದ ಹೋದದ್ದು 2,900, ಅಂದರೆ ತಿಂಗಳಿಗೆ ಇನ್ನೂರು ರೂಪಾಯಿ ಚಿಲ್ಲರೆ. ಮಾಸ್ತರು ಬೇಡವೆಂದಿದ್ದರೂ ತೊಂದರೆ ಇರಲಿಲ್ಲ. ಟ್ಯಾಂಕಿನ ನೀರು ಖಾಲಿ ಮಾಡಿ, ಸಣ್ಣ ಪೈಪು ಬಿಚ್ಚಿ, ವಾಲ್ವಿನ ಬಾಯಿಗೆ ಮುಚ್ಚಳ ಹಾಕಿ, ಒಂದು ರಾತ್ರಿ ಸೋರುತ್ತದೆಯೇ ನೋಡಿ, ಫೋಟೊ ತೆಗೆದು, ಆಮೇಲೆ ಬೀಗದ ಕೈ ಕೊಡುತ್ತಿದ್ದೆ.

ಅಮ್ಮಾರು ಫಿಲ್ಟರನ್ನು ಮೇಲೆ ಬಿಡಲಿಲ್ಲ, ಕೆಳಗೆ ತಮ್ಮ ಅಡುಗೆಮನೆಗೆ ಇಳಿಸಿಕೊಂಡರು. ‘ಮೊಮ್ಮಕ್ಕಳ ಹಲ್ಲ ನಿನ್ನಂಗ ಆಗಬಾರದವ್ವಾ’ ಎಂದರು. ನಾನು ನಕ್ಕೆ, ಬಾಯಿಗೆ ಕೈ ಅಡ್ಡ ಹಿಡಿದೇ. ಮಾಸ್ತರು ಅಡ್ವಾನ್ಸಿನ ಇಪ್ಪತ್ತು ಸಾವಿರದ ಮೇಲೆ ಮೂರು ಸಾವಿರದ ಮುನ್ನೂರು ಎಣಿಸಿಟ್ಟರು. ಎಣಿಸಿಕೊಂಡ ಮೇಲೆ ಬೀಗದ ಕೈ ಕೊಟ್ಟೆ.